ತಿಂಗಳಿಗೆ 24,000: ಆ ಅಂಕಿ ಎಲ್ಲಿಂದ ಬಂತು?

ಕೆಲಸ ಬಿಟ್ಟು ಸ್ವಂತವಾಗಿ ಹಣಕಾಸಿನ ಕನ್ಸಲ್ಟಂಟ್ ಆದ ಹೊಸದರಲ್ಲಿ ನಾನು ಒಬ್ಬ ಕ್ಲೈಂಟ್‌ಗೆ ಬರೆದ ರೀಟೇನರ್ ಪ್ರಪೋಸಲ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟು ಅಂತ ನಿಗದಿ ಫೀಸಿನ ಪ್ರಸ್ತಾವದಲ್ಲಿ, ಕೆಲಸದ ವಿವರ ಅಂತ ಇದ್ದದ್ದು ಒಂದೇ ಸಾಲು: 'ಪ್ರತಿ ತಿಂಗಳು ಹಣಕಾಸಿನ ಸಲಹೆ.' ಎರಡನೇ ತಿಂಗಳಲ್ಲೇ ಅವರ ಬ್ಯಾಂಕಿನ ಸಾಲ ನವೀಕರಣಕ್ಕೆ ಬಂತು. ಅದಕ್ಕೆ ಬ್ಯಾಂಕ್ ಕೇಳುವ ಸಿಎಂಎ ಡೇಟಾ, ಅಂದರೆ ಹಿಂದಿನ ಮತ್ತು ಮುಂದಿನ ವರ್ಷಗಳ ಲೆಕ್ಕದ ಪಟ್ಟಿ, ತಯಾರಿಸೋಕೆ ಮೂರು ದಿನ ಹೋಯಿತು. ಅದೂ ಹಣಕಾಸಿನ ಸಲಹೆಯೇ ಅಲ್ವಾ? ಜಗಳ ಮಾಡೋಕೆ ನನ್ನ ಹತ್ತಿರ ಕಾಗದದಲ್ಲಿ ಏನೂ ಇರಲಿಲ್ಲ.

ಹೀಗಾಗಿ ಪೀಣ್ಯದ ಒಂದು ಮೆಷಿನ್ ಶಾಪ್‌ಗೆ ಪ್ರಪೋಸಲ್ ಬರೆಯುವಾಗ ಬೇರೆ ದಾರಿ ಹಿಡಿದೆ. ಮೊದಲು ಅವರ ಟ್ಯಾಲಿಯಲ್ಲಿ ಬಾಕಿ ಬಿಲ್ಲುಗಳ ಪಟ್ಟಿ ತೆಗೆಸಿ ನೋಡಿದೆ. ತಿಂಗಳ ಮಾರಾಟ ಸುಮಾರು 40 ಲಕ್ಷ. ಗ್ರಾಹಕರಿಂದ ಬರಬೇಕಾದದ್ದು 62 ಲಕ್ಷ. ಅದರಲ್ಲಿ 23 ಲಕ್ಷಕ್ಕೆ 90 ದಿನ ದಾಟಿತ್ತು. ಮಾಲೀಕರು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ ವರ್ಷಕ್ಕೆ ಶೇ. 11 ಬಡ್ಡಿ ಕಟ್ಟುತ್ತಿದ್ದರು. ಅಂದರೆ ಆ ಹಳೇ ಬಾಕಿಗೇ ತಿಂಗಳಿಗೆ ಸುಮಾರು 21,000 ರೂಪಾಯಿ ಬಡ್ಡಿ. ಪ್ರಪೋಸಲ್‌ನ ಮೊದಲ ಪ್ಯಾರಾದಲ್ಲಿ ಇಷ್ಟನ್ನೇ ಬರೆದೆ. ನನ್ನ ಡಿಗ್ರಿ, ಅನುಭವ ಎಲ್ಲ ಕೊನೇ ಪುಟಕ್ಕೆ ಹೋಯಿತು. ಬಾಕಿ ವಸೂಲಿ ಮಾಡಿಕೊಡುತ್ತೇನೆ ಅಂತ ಮಾತ್ರ ಬರೆಯಲಿಲ್ಲ. ದುಡ್ಡು ಕೊಡುವುದು ಬಿಡುವುದು ಅವರ ಗ್ರಾಹಕರ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ.

ಆಮೇಲೆ ತಿಂಗಳಿಗೆ ಏನು ಕೊಡುತ್ತೇನೆ ಅನ್ನುವುದನ್ನು ಎಣಿಸಲು ಬರುವ ಹಾಗೆ ಬರೆದೆ. 10ನೇ ತಾರೀಕಿನೊಳಗೆ ಎರಡು ಪುಟದ ವರದಿ: ಯಾರಿಂದ ಎಷ್ಟು ದಿನದಿಂದ ಬಾಕಿ, ಮುಂದಿನ ಎಂಟು ವಾರದಲ್ಲಿ ಬರುವ ಹೋಗುವ ಹಣ, ಮತ್ತು ಈ ತಿಂಗಳು ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ. ಎರಡು ಬಾರಿ ಅರ್ಧ ದಿನದ ಭೇಟಿ. ಮೂರು ಗಂಟೆಯಷ್ಟು ಫೋನ್ ಮಾತು. ಇದರ ಕೆಳಗೇ 'ಇದರಲ್ಲಿ ಸೇರಿಲ್ಲ' ಅಂತ ಒಂದು ಸಾಲು: ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ಸಾಲದ ಕಾಗದ, ತೆರಿಗೆ ನೋಟಿಸ್‌ಗೆ ಉತ್ತರ.

ಎಲ್ಲರೂ ಮರೆಯುವ ಮಾತು ಇನ್ನೊಂದಿದೆ. ವರದಿ 10ಕ್ಕೆ ಬರಬೇಕಾದರೆ ಅವರ ಅಕೌಂಟೆಂಟ್ 5ರೊಳಗೆ ಎಂಟ್ರಿ ಮುಗಿಸಿರಬೇಕು. 'ಎಂಟ್ರಿ ಮುಗಿದ ಐದು ದಿನಕ್ಕೆ ವರದಿ' ಅಂತ ಬರೆದರೆ ತಡ ಯಾರದ್ದು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಈಗ ಫೀಸು. ಮನೆ ನಡೆಯಲು ನನಗೆ ತಿಂಗಳಿಗೆ ಒಂದು ಲಕ್ಷ ಬೇಕು, ಓಡಾಟ, ಸಾಫ್ಟ್‌ವೇರ್ ಖರ್ಚು 20,000. ತಿಂಗಳಿಗೆ 160 ಗಂಟೆ ದುಡಿದರೂ ಬಿಲ್ ಮಾಡಲು ಸಿಗುವುದು ಅರ್ಧ. ಉಳಿದದ್ದು ಹೊಸ ಕೆಲಸ ಹುಡುಕೋದರಲ್ಲಿ, ಟ್ರಾಫಿಕ್‌ನಲ್ಲಿ ಕಳೆಯುತ್ತದೆ. 1,20,000ವನ್ನು 80ರಿಂದ ಭಾಗಿಸಿದರೆ ಗಂಟೆಗೆ 1,500. ಭೇಟಿಗೆ ಎಂಟು ಗಂಟೆ, ವರದಿಗೆ ಐದು, ಫೋನಿಗೆ ಮೂರು. ಒಟ್ಟು 16 ಗಂಟೆ, 24,000 ರೂಪಾಯಿ. ಸಂಬಳದ ದಿನಗಳ ಅಂದಾಜಲ್ಲಿ 160ರಿಂದ ಭಾಗಿಸಿದ್ದರೆ ಇದೇ ಕೆಲಸ 12,000ಕ್ಕೆ ಹೋಗುತ್ತಿತ್ತು.

ಮೊದಲ ತಿಂಗಳ ಕೆಲಸ ಬೇರೆ. ಹಳೇ ಲೆಡ್ಜರ್‌ಗಳಲ್ಲಿ ಬಂದ ಹಣ ಯಾವ ಬಿಲ್ಲಿಗೆ ಅಂತ ಹೊಂದಿಸಿರಲಿಲ್ಲ. ಅದನ್ನು ಸರಿ ಮಾಡೋಕೆ 20 ಗಂಟೆ ಬೇಕಿತ್ತು. ಅದಕ್ಕೆ ಒಂದೇ ಸಲದ 30,000 ಪ್ರತ್ಯೇಕವಾಗಿ ಕೇಳಿದೆ. ಇದನ್ನು ತಿಂಗಳ ಫೀಸಿನೊಳಗೆ ತುರುಕಿದರೆ ಒಂದು ತಿಂಗಳಿಗಿಂತ ಜಾಸ್ತಿ ಬಿಟ್ಟಿ ದುಡಿದ ಹಾಗಾಗುತ್ತದೆ.

ಮಾಲೀಕರು ಕಾಗದ ನೋಡಿ, "ಮೇಡಂ, 18 ಮಾಡ್ಕೊಳ್ಳಿ" ಅಂದರು.

"ಆಗಬಹುದು ಸಾರ್. ಒಂದು ಭೇಟಿ ತೆಗೆಯುತ್ತೇನೆ."

ನಾಲ್ಕು ಗಂಟೆಯ ಭೇಟಿ ಹೋದರೆ 6,000 ಕಡಿಮೆ. ಗಂಟೆಯ ದರ ಹಾಗೇ ಉಳಿಯಿತು. ಕೆಲಸ ಕಡಿಮೆ ಮಾಡದೆ ಫೀಸು ಇಳಿಸಿದ್ದರೆ, ಮೊದಲು ಹೇಳಿದ್ದು ಸುಮ್ನೆ ಬಾಯಿಗೆ ಬಂದ ಅಂಕಿ ಅಂತ ನಾನೇ ಒಪ್ಪಿಕೊಂಡ ಹಾಗೆ.

ಉಳಿದದ್ದು ಸಣ್ಣ ಸಾಲುಗಳು. ಮೂರು ತಿಂಗಳ ಒಪ್ಪಂದ, ಆಮೇಲೆ ಯಾರೇ ಬಿಡುವುದಾದರೂ 30 ದಿನದ ನೋಟಿಸ್. ಫೀಸು ತಿಂಗಳ ಆರಂಭದಲ್ಲೇ. ಬಳಸದ ಗಂಟೆ ಮುಂದಿನ ತಿಂಗಳಿಗೆ ಹೋಗುವುದಿಲ್ಲ, ಇಲ್ಲದಿದ್ದರೆ ಮಾರ್ಚ್‌ನಲ್ಲಿ ಎಲ್ಲ ಒಟ್ಟಿಗೆ ಕೇಳುತ್ತಾರೆ. ಅವರು ಶೇ. 10 ತೆರಿಗೆಯನ್ನು ಟಿಡಿಎಸ್ ಅಂತ ಮೊದಲೇ ಹಿಡಿಯುವುದರಿಂದ 18,000ದಲ್ಲಿ ಬ್ಯಾಂಕಿಗೆ ಬರುವುದು 16,200. ಮನೆಯ ಲೆಕ್ಕ ಇದರ ಮೇಲೆ ಹಾಕಿ. ಸೇವೆಯಿಂದ ಬರುವ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಮ್ಮಲ್ಲಿ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಡ. ಆದರೂ 'ಮುಂದೆ ನೋಂದಣಿಯಾದರೆ ಜಿಎಸ್‌ಟಿ ಪ್ರತ್ಯೇಕ' ಅಂತ ಈಗಲೇ ಬರೆದಿಡಿ.

ಸಹಿ ಆದ ದಿನದಿಂದ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದೆ. 12 ಗಂಟೆಗೆ ಒಪ್ಪಿದ್ದು ಎರಡನೇ ತಿಂಗಳು 15, ಮೂರನೇ ತಿಂಗಳು 16 ಆಯಿತು. ಜಾಸ್ತಿ ಆದದ್ದೆಲ್ಲ ಫೋನಿನಲ್ಲೇ. ಮೂರು ತಿಂಗಳ ಕೊನೆಗೆ ಆ ಪುಟವನ್ನು ಅವರ ಮುಂದಿಟ್ಟೆ. ಅವರು ಓದಿ, "ಹಾಗಾದರೆ ಆ ಇನ್ನೊಂದು ಭೇಟಿ ವಾಪಸ್ ಹಾಕಿಬಿಡಿ, ಫೋನಲ್ಲಿ ಕೇಳೋದನ್ನ ಎದುರಿಗೇ ಕೇಳ್ತೀನಿ" ಅಂದರು. ನಾಲ್ಕನೇ ತಿಂಗಳಿಂದ ಬಿಲ್ 24,000 ಆಯಿತು.