ಮನೆ ನೋಡಿ ಬಂದು ಫೋನಿಗೆ ಹೇಳಿಟ್ಟ ಮಾತುಗಳಿಂದ ಮನೆ ಆರಿಸುವುದು ಹೇಗೆ?

ಪ್ರಶ್ನೆ: ಬೀದರಿನಿಂದ ಕಲಬುರಗಿಗೆ ವರ್ಗವಾಗಿದೆ. ನನ್ನ ಕಚೇರಿ ಸೂಪರ್ ಮಾರ್ಕೆಟ್ ಹತ್ತಿರ. ಹೆಂಡತಿ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ನರ್ಸ್, ತಿಂಗಳಲ್ಲಿ ಹತ್ತು ದಿನ ರಾತ್ರಿ ಪಾಳಿ ಇರುತ್ತದೆ. ಬಾಡಿಗೆ ಮನೆ ನೋಡಿದಾಗಲೆಲ್ಲ ಕೆಳಗಿಳಿದು ಬಂದು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಕೊನೆಗೆ ಮೂರು ಮನೆ ಉಳಿದಿವೆ. ಆದರೆ ಆಡಿಯೋ ಕೇಳಿದರೆ ಮೂರೂ ಚೆನ್ನಾಗಿವೆ ಅನಿಸುತ್ತದೆ. ಬಾಡಿಗೆ, ಜಾಗ, ಮನೆಯ ಸ್ಥಿತಿ ಇವನ್ನಿಟ್ಟುಕೊಂಡು ಹೋಲಿಸುವುದು ಹೇಗೆ?

ಉತ್ತರ: ಮೂರೂ ಚೆನ್ನಾಗಿವೆ ಅನಿಸುವುದಕ್ಕೆ ಕಾರಣ ಮನೆಗಳಲ್ಲ, ಮಾತು. ಬಾಯಿಗೆ ಬಂದ ಹಾಗೆ ಮಾತಾಡುವಾಗ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇವೆ, ಕೇಳಲು ಮರೆತದ್ದರ ಬಗ್ಗೆ ಸುಮ್ಮನಿರುತ್ತೇವೆ. ಒಂದು ಆಡಿಯೋದಲ್ಲಿ ನೀರಿನ ಮಾತಿದೆ, ಇನ್ನೊಂದರಲ್ಲಿ ಇಲ್ಲ. ಇಲ್ಲದ ಕಡೆ ನೀರಿನ ತೊಂದರೆಯೇ ಇಲ್ಲ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿಕೊಳ್ಳುತ್ತದೆ. ಹೋಲಿಕೆ ಕೆಡುವುದು ಇಲ್ಲೇ.

ನೀವು ಬರೆದು ಕಳಿಸಿದ ಜಯನಗರದ ಮನೆಯ ಆಡಿಯೋವನ್ನೇ ನೋಡೋಣ: "ಮನಿ ಛಂದ ಅದ. ಹಾಲ್ ದೊಡ್ಡದದ. ಗಾಳಿ ಬರ್ತದ. ಎಂಟೂವರಿ ಅಂತಾರ, ಡಿಪಾಸಿಟ್ ಒಂದು ಲಕ್ಷ. ನೀರಿಂದೇನೂ ತ್ರಾಸ ಇಲ್ಲಂತ." ಐದು ಮಾತಿನಲ್ಲಿ ಮೂರು ಬಗೆ ಬೆರೆತಿವೆ. ಹಾಲ್ ದೊಡ್ಡದು, ಗಾಳಿ ಬರುತ್ತದೆ ಎನ್ನುವುದು ನೀವು ಕಂಡದ್ದು. ಎಂಟೂವರೆ ಸಾವಿರ, ಒಂದು ಲಕ್ಷ, ನೀರಿಗೆ ತ್ರಾಸವಿಲ್ಲ ಎನ್ನುವುದು ಮಾಲೀಕರು ಹೇಳಿದ್ದು. 'ಛಂದ ಅದ' ಎನ್ನುವುದು ಎರಡೂ ಅಲ್ಲ, ಆ ಹೊತ್ತಿನ ಮನಸ್ಸು. ಅದರ ಹಿಂದೆ ಕೆಟ್ಟ ಮನೆ ನೋಡಿ ಬಂದಿದ್ದರೆ ಎಂಥದೂ ಛಂದವೇ. ಹಾಗಾಗಿ ಬರೆದುಕೊಳ್ಳುವಾಗ ಪ್ರತಿ ಸಂಗತಿಯ ಪಕ್ಕ 'ಕಂಡದ್ದು' ಅಥವಾ 'ಕೇಳಿದ್ದು' ಎಂದು ಗುರುತು ಹಾಕಿ, ಹೊಗಳಿಕೆಯನ್ನು ಬಿಟ್ಟುಬಿಡಿ.

ಆಡಿಯೋವನ್ನು ಪೂರ್ತಿ ಅಕ್ಷರಕ್ಕೆ ಇಳಿಸಬೇಕಾಗಿಲ್ಲ. ಮೂರು ನಿಮಿಷದ ಮಾತಿನಲ್ಲಿ ಕೆಲಸಕ್ಕೆ ಬರುವುದು ಹತ್ತು ಹನ್ನೆರಡು ಸಂಗತಿ ಅಷ್ಟೆ. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಮನೆಗೊಂದು ಸಾಲು ಮಾಡಿ, ಕೇಳುತ್ತಾ, ನಿಲ್ಲಿಸುತ್ತಾ ತುಂಬುತ್ತಾ ಹೋಗಿ. ಫೋನಿನ ಧ್ವನಿ ಟೈಪಿಂಗ್ ಬಳಸುವುದಾದರೆ ಅಂಕಿಗಳನ್ನು ಮಾತ್ರ ಕಿವಿಯಿಂದಲೇ ತಾಳೆ ನೋಡಿ. ನಮ್ಮ ಕಡೆ ಮಾಲೀಕರು ಕನ್ನಡದಲ್ಲಿ ಮಾತಾಡುತ್ತಾ ದರ ಮಾತ್ರ ಉರ್ದುವಿನಲ್ಲಿ ಹೇಳುವುದುಂಟು. ನೀವೂ ಬ್ರಹ್ಮಪುರದ ಮನೆಗೆ 'ಸಾಢೆ ಸಾತ್ ಅಂದ್ರು' ಎಂದೇ ಹೇಳಿಟ್ಟಿದ್ದೀರಿ. ಅಂದರೆ 7,500. ಕನ್ನಡಕ್ಕೆ ಇಟ್ಟ ಟೈಪಿಂಗ್ 'ಸಾಢೆ'ಯನ್ನು ನುಂಗಿದರೆ ಶೀಟಿನಲ್ಲಿ 7,000 ಕೂರುತ್ತದೆ. 'ಢಾಯಿ ಹಜಾರ್' ಎಂದರೆ 2,500 ಎಂಬುದೂ ಹೀಗೆಯೇ ಜಾರುವ ಅಂಕಿ.

ಈಗ ಬಾಡಿಗೆ. ಮಾಲೀಕರು ಹೇಳುವ ಬಾಡಿಗೆ ನೀವು ತಿಂಗಳಿಗೆ ಕೊಡುವ ಹಣ ಅಲ್ಲ. ಮೇಂಟೆನೆನ್ಸ್ ಇದೆ. ಡಿಪಾಸಿಟ್ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿ ಇದೆ. ಬ್ರೋಕರ್ ಕಮಿಷನ್ ಮತ್ತು ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಹಿಡಿಯುವ ಒಂದು ತಿಂಗಳ ಬಾಡಿಗೆಯನ್ನು ನೀವು ಇರುವ ತಿಂಗಳುಗಳಿಗೆ ಹಂಚಬೇಕು. ಎರಡು ವರ್ಷ ಇರುತ್ತೇವೆ, ಬಡ್ಡಿ ವರ್ಷಕ್ಕೆ ಶೇ. 6 ಎಂದಿಟ್ಟುಕೊಳ್ಳಿ. ಶೀಟಿನ ಅಂಕಣಗಳಲ್ಲಿ ಎ ಮನೆಯ ಹೆಸರು, ಬಿ ಬಾಡಿಗೆ, ಸಿ ಮೇಂಟೆನೆನ್ಸ್, ಡಿ ಡಿಪಾಸಿಟ್, ಇ ಕಮಿಷನ್, ಎಫ್ ಪೇಂಟಿಂಗ್, ಜಿ ತಿಂಗಳ ಟ್ಯಾಂಕರ್ ಖರ್ಚು, ಎಚ್ ಟ್ಯಾಂಕರ್ ತರಿಸುವ ತಿಂಗಳುಗಳು, ಐ ಮಾಲೀಕರಿಗೆ ಕೊಡುವ ಕರೆಂಟ್ ಹಣ. ಎರಡನೇ ಸಾಲಿಗೆ ಸೂತ್ರ ಇಷ್ಟೇ:

```
=B2+C2+D2*0.06/12+(E2+F2)/24+G2*H2/12+I2
```

ಇಲ್ಲೊಂದು ಬಲೆ ಇದೆ. ಖಾಲಿ ಬಿಟ್ಟ ಕೋಶವನ್ನು ಶೀಟ್ ಸೊನ್ನೆ ಎಂದು ಓದುತ್ತದೆ. ಹೀಗಾದಾಗ ಯಾವ ಮನೆಯ ಬಗ್ಗೆ ನೀವು ಕಡಿಮೆ ಕೇಳಿದ್ದೀರೋ ಅದೇ ಎಲ್ಲಕ್ಕಿಂತ ಅಗ್ಗವಾಗಿ ಕಾಣುತ್ತದೆ. ಅದಕ್ಕೇ ಆಡಿಯೋದಲ್ಲಿ ಮಾತು ಬಂದಿಲ್ಲದ ಕಡೆ ? ಹಾಕಿ. 'ಇಲ್ಲ' ಎಂದು ಮಾಲೀಕರು ಬಾಯಿ ಬಿಟ್ಟು ಹೇಳಿದ್ದರೆ ಮಾತ್ರ 0. ಒಂದು ? ಇದ್ದರೂ ಮೊತ್ತದ ಜಾಗದಲ್ಲಿ `#VALUE!` ಬರುತ್ತದೆ. ನೋಡಲು ಚೆನ್ನಾಗಿಲ್ಲ, ಆದರೆ ನಮಗೆ ಬೇಕಾದದ್ದು ಅದೇ: ಯಾರಿಗೆ ಫೋನ್ ಮಾಡಿ ಏನು ಕೇಳಬೇಕು ಎಂಬ ಪಟ್ಟಿ ಅಲ್ಲಿ ತಯಾರಾಗಿರುತ್ತದೆ.

ನಿಮ್ಮ ಮೂರು ಮನೆಗಳಲ್ಲಿ ಮೊದಲ ಸುತ್ತಿಗೆ ಮೊತ್ತ ಬಂದದ್ದು ಒಂದಕ್ಕೆ ಮಾತ್ರ, ಸೇಡಂ ರಸ್ತೆ ಕಡೆಯ ಅಪಾರ್ಟ್‌ಮೆಂಟಿಗೆ. ಬಾಡಿಗೆ 9,500, ಮೇಂಟೆನೆನ್ಸ್ 1,000, ಡಿಪಾಸಿಟ್ 50,000, ಬ್ರೋಕರ್ ಇಲ್ಲ, ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳು, ನೀರು ಮೇಂಟೆನೆನ್ಸಿನಲ್ಲೇ. ಒಟ್ಟು 11,146. ಜಯನಗರದ ಮನೆಗೆ ಟ್ಯಾಂಕರ್ ಕೋಶದಲ್ಲಿ ? ಇತ್ತು. ನೀವು ಫೋನ್ ಮಾಡಿ ಕೇಳಿದ ಮೇಲೆ 'ಬ್ಯಾಸಿಗ್ಯಾಗ ನಾಲ್ಕು ತಿಂಗಳು ತರಿಸ್ತೀವಿ, ನಿಮ್ಮ ಪಾಲು ತಿಂಗಳಿಗೆ ಏಳ್ನೂರು' ಎಂದರು. ನೀರಿನ ತ್ರಾಸವಿಲ್ಲ ಎಂದದ್ದು ಸುಳ್ಳೇನಲ್ಲ, ದುಡ್ಡು ಕೊಟ್ಟರೆ ತ್ರಾಸವಿಲ್ಲ. ಒಂದು ಲಕ್ಷದ ಬಡ್ಡಿ, ಕಮಿಷನ್, ಪೇಂಟಿಂಗ್ ಸೇರಿ ಅದು 9,942ಕ್ಕೆ ನಿಂತಿತು. ಬಾಡಿಗೆ, ಮೇಂಟೆನೆನ್ಸ್ ಮಾತ್ರ ನೋಡಿದರೆ ಎರಡರ ನಡುವೆ 2,000 ರೂಪಾಯಿ ಅಂತರವಿತ್ತು. ಈಗ ಉಳಿದದ್ದು 1,204.

ಬ್ರಹ್ಮಪುರದ ಮನೆಯಲ್ಲಿ ? ಇದ್ದದ್ದು ಕರೆಂಟಿಗೆ. ಇದನ್ನು ಬಹಳ ಜನ ಕೇಳುವುದೇ ಇಲ್ಲ. ಮನೆಗೆ ಬೇರೆ ಮೀಟರ್, ಬೇರೆ ಆರ್.ಆರ್. ನಂಬರ್ ಇದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ. ಆದರೆ ಆ ಮೀಟರಿನ ಹಿಂದಿನ ಬಳಕೆಯ ಸರಾಸರಿಗಿಂತ ಸ್ವಲ್ಪ ಹೆಚ್ಚು ಯೂನಿಟ್ ಮಾತ್ರ ಉಚಿತ, ಅದೂ 200ರ ಮಿತಿಯೊಳಗೆ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆಯನ್ನು ಆ ನಂಬರಿನಿಂದ ಬಿಡಿಸಿದ್ದಾರೋ ಇಲ್ಲವೋ ಎಂದೂ ಕೇಳಿ. ಬ್ರಹ್ಮಪುರದಲ್ಲಿ ಜೆಸ್ಕಾಂ ಮೀಟರ್ ಮಾಲೀಕರದೊಂದೇ, ನಿಮಗೆ ಸಬ್‌ಮೀಟರ್, ಯೂನಿಟ್ಟಿಗೆ 10 ರೂಪಾಯಿ ಎಂದು ಫೋನಿನಲ್ಲಿ ತಿಳಿಯಿತು. ತಿಂಗಳಿಗೆ 120 ಯೂನಿಟ್ ಎಂದರೆ 1,200. ಡಿಪಾಸಿಟ್ 20,000 ಮಾತ್ರ, ಬೇರೆ ಖರ್ಚಿಲ್ಲ. ಒಟ್ಟು 8,800. ಈಗಲೂ ಅದೇ ಅಗ್ಗ, ಆದರೆ 7,500ರ ಮನೆ ಅಲ್ಲ.

ಜಾಗದ ವಿಷಯ ಬೇಗ ಮುಗಿಯುತ್ತದೆ. 'ಐದೇ ನಿಮಿಷ ಅದರಿ' ಎನ್ನುವ ಬ್ರೋಕರ್ ಮಾತನ್ನು ಶೀಟಿಗೆ ತರಬೇಡಿ. ಇಬ್ಬರ ಕೆಲಸದ ಜಾಗಕ್ಕೂ, ನೀವು ಹೊರಡುವ ಹೊತ್ತಿನಲ್ಲೇ ಬೈಕ್ ಓಡಿಸಿ ನೋಡಿ ನಿಮಿಷ ಬರೆಯಿರಿ. ಬೆಳಿಗ್ಗೆ ಹತ್ತಕ್ಕೆ ಜಗತ್ ವೃತ್ತ ದಾಟುವುದೂ ಮಧ್ಯಾಹ್ನ ಮೂರಕ್ಕೆ ದಾಟುವುದೂ ಒಂದೇ ಅಲ್ಲ. ಇನ್ನೊಂದು ಅಂಕಣ ರಾತ್ರಿ ಪಾಳಿಗೆ: ಎಂಟರ ಮೇಲೆ ಆ ಓಣಿಯಲ್ಲಿ ಆಟೋ ಸಿಗುತ್ತದೆಯೇ, ಬೀದಿ ದೀಪ ಉರಿಯುತ್ತದೆಯೇ. ಇದು ಕಂಡೇ ಬರೆಯಬೇಕಾದದ್ದು.

ಸ್ಥಿತಿಯ ವಿಷಯಕ್ಕೆ ಬಂದರೆ, ಅಂಕ ಕೊಡುವ ಚಟ ಬೇಡ. 'ಹತ್ತಕ್ಕೆ ಏಳು' ಎಂದು ಬರೆದದ್ದು ವಾರ ಬಿಟ್ಟು ನೋಡಿದರೆ ನಿಮಗೇ ಅರ್ಥವಾಗುವುದಿಲ್ಲ. ಅಂಕದ ಬದಲು ಗುರುತು ಬರೆಯಿರಿ. ನಲ್ಲಿಯ ಬಾಯಿಗೆ, ಬಚ್ಚಲಿನ ಟೈಲ್ಸಿಗೆ ಬಿಳಿ ಪದರ ಕಟ್ಟಿದ್ದರೆ ಬೋರಿನ ಗಡಸು ನೀರೇ ಹೆಚ್ಚು ಬರುತ್ತಿದೆ ಎಂದರ್ಥ. ಗೋಡೆಯಲ್ಲಿ ಒಂದೇ ಒಂದು ತೇಪೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅದರ ಹಿಂದಿನ ಬಚ್ಚಲನ್ನು ನೋಡಿ. ತೇವ ಇದ್ದರೆ ಬಣ್ಣ ಬೊಬ್ಬೆಯೆದ್ದು, ಕೆರೆದರೆ ಉಪ್ಪಿನಂಥ ಪುಡಿ ಉದುರುತ್ತದೆ.

ಆಮೇಲೆ ಎರಡು ಗುಂಪು ಮಾಡಿ: ಮಾಲೀಕರು ರಿಪೇರಿ ಮಾಡಿಸಬಹುದಾದದ್ದು, ಯಾರೂ ಏನೂ ಮಾಡಲಾಗದ್ದು. ಸೋರುವ ನಲ್ಲಿ, ಕೂರದ ಚಿಲಕ, ಕೆಟ್ಟ ಫ್ಯಾನ್ ಇವೆಲ್ಲ ಅಗ್ರಿಮೆಂಟಿಗೆ ಮುಂಚೆ ಮಾಡಿಸಿಕೊಳ್ಳುವ ಕೆಲಸ, ಆಯ್ಕೆಗೆ ಅಡ್ಡ ಬರಬಾರದು. ಬಿಸಿಲು ಹಾಗಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಹಗಲೆಲ್ಲ ಕಾಯುವ ಸ್ಲ್ಯಾಬು ಹಗಲೂ ರಾತ್ರಿಯೂ ಆ ಕಾವನ್ನು ಕೆಳಗೆ ಬಿಡುತ್ತದೆ. ಜಯನಗರದ ಮನೆ ಮೇಲಿನದು. ನಿಮ್ಮ ಆಡಿಯೋ ಫೈಲಿನ ವೇಳೆ ಬೆಳಿಗ್ಗೆ 8:10 ಎಂದಿದೆ. ಆ ಹೊತ್ತಿನಲ್ಲಿ ಗಾಳಿ ಬರುವುದು ಆಶ್ಚರ್ಯವೇನಲ್ಲ. ಪ್ರತಿ ಸಾಲಿನಲ್ಲೂ ನೋಡಿದ ವೇಳೆ ಬರೆಯಬೇಕಾದದ್ದು ಇದಕ್ಕೇ. ಆ ಮನೆಗೆ ಸಂಜೆ ಆರಕ್ಕೆ ಇನ್ನೊಮ್ಮೆ ಹೋಗಿ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ, ಬಿಸಿ ಕೈಗೇ ತಾಗುತ್ತದೆ.

ಕೊನೆಗೆ, ಮಾತನ್ನು ಬರೆದುಕೊಂಡಾಯಿತು ಎಂದು ಆಡಿಯೋ ಅಳಿಸಬೇಡಿ. ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ, ಈ ಸಲ ನಿಮ್ಮ ದನಿಯನ್ನಲ್ಲ, ಅದರ ಹಿಂದಿನದನ್ನು. ಟಿಪ್ಪಣಿ ಪುಸ್ತಕದಲ್ಲಿ ಸಿಗದ ಲಾಭ ಇದು. ಬ್ರಹ್ಮಪುರದ ಆಡಿಯೋದಲ್ಲಿ ಉದ್ದಕ್ಕೂ ಏನೋ ಗರಗರ ಅನ್ನುತ್ತದೆ ಎಂದು ನೀವೇ ಬರೆದಿದ್ದೀರಿ, ಆಮೇಲೆ ವಿಚಾರಿಸಿದರೆ ಪಕ್ಕದಲ್ಲಿ ಹಿಟ್ಟಿನ ಗಿರಣಿ. ಮನೆ ನೋಡುವಾಗ ಮಾಲೀಕರ ಮಾತಿನ ಗದ್ದಲದಲ್ಲಿ ಕಿವಿ ಅದನ್ನು ಬಿಟ್ಟುಬಿಟ್ಟಿತ್ತು, ಫೋನ್ ಬಿಟ್ಟಿಲ್ಲ.

ಬಾಡಿಗೆ, ಜಾಗ, ಸ್ಥಿತಿ ಮೂರನ್ನೂ ಕೂಡಿಸಿ ಒಂದೇ ಅಂಕ ಮಾಡಲು ಹೋಗಬೇಡಿ. ರೂಪಾಯಿಯನ್ನೂ ನಿಮಿಷವನ್ನೂ ಕೂಡಿಸಲಾಗದು. ಯಾರೂ ಸರಿಪಡಿಸಲಾಗದ ತೊಂದರೆ ಯಾವ ಮನೆಯಲ್ಲಿದೆ, ಅದು ನಿಮ್ಮ ಸಂಸಾರಕ್ಕೆ ತಟ್ಟುತ್ತದೆಯೇ ಎಂದು ಮೊದಲು ನೋಡಿ. ರಾತ್ರಿ ಪಾಳಿ ಮುಗಿಸಿದವರು ಮಲಗುವುದು ಹಗಲಿನಲ್ಲಿ. ಹಗಲು ಕಾಯುವ ಜಯನಗರದ ಸ್ಲ್ಯಾಬು, ಹಗಲು ತಿರುಗುವ ಬ್ರಹ್ಮಪುರದ ಗಿರಣಿ, ಎರಡೂ ನಿಮ್ಮ ಹೆಂಡತಿಯ ನಿದ್ದೆಯ ಹೊತ್ತಿಗೇ ಬೀಳುತ್ತವೆ. ಇಬ್ಬರೂ ಹಗಲು ಕೆಲಸದವರಾಗಿದ್ದರೆ ನಾನು ಬ್ರಹ್ಮಪುರವನ್ನೇ ಹೇಳುತ್ತಿದ್ದೆ. ನಿಮಗೆ ಸೇಡಂ ರಸ್ತೆಯ ಮನೆ ಸರಿ. ಮೂರು ಅಂತಸ್ತಿನಲ್ಲಿ ಎರಡನೆಯದು, ಆಸ್ಪತ್ರೆಗೂ ಹತ್ತಿರ. ತಿಂಗಳಿಗೆ ಜಯನಗರದ ಮನೆಗಿಂತ ಸಾವಿರದಿನ್ನೂರು, ಬ್ರಹ್ಮಪುರದ ಮನೆಗಿಂತ ಸುಮಾರು ಎರಡು ಸಾವಿರದ ಮುನ್ನೂರೈವತ್ತು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆ ಸಾಲಿನಲ್ಲಿ 'ನೀರು ಮೇಂಟೆನೆನ್ಸಿನಲ್ಲೇ' ಎನ್ನುವುದರ ಪಕ್ಕ ಇನ್ನೂ 'ಕೇಳಿದ್ದು' ಎಂದೇ ಇದೆ. ಹೋದ ಬೇಸಿಗೆಯಲ್ಲಿ ಬೋರ್ ನಿಂತಿತ್ತೇ, ಟ್ಯಾಂಕರ್ ಹಣವನ್ನು ಬೇರೆ ಎತ್ತಿದರೇ ಎಂದು ಕೆಳಗಿನ ಅಂತಸ್ತಿನ ಬಾಡಿಗೆದಾರರನ್ನು ಕೇಳಿ. ಟೋಕನ್ ಹಣ ಅದಾದ ಮೇಲೆ ಕೊಡಿ.