ಇಂಗುಗುಂಡಿಯ ಗೋಡೆಯೂ ನೀರು ಕುಡಿಯುತ್ತದೆ

ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. 100 ಚದರ ಮೀಟರ್ ತಾರಸಿಯಿಂದ ಇಳಿಯುವ ನೀರನ್ನು ಲೆಕ್ಕ ಹಾಕಿದರೆ 60,000 ಲೀಟರ್ ದಾಟುತ್ತದೆ. ಈ ಅಂಕಿ ಕೇಳಿ ಕೆಲವರು ಹೆದರಿ, ಈ ನೀರನ್ನು ನೆಲಕ್ಕಿಳಿಸುವ ಇಂಗುಗುಂಡಿಯ ಯೋಚನೆಯನ್ನೇ ಕೈಬಿಡುತ್ತಾರೆ, ಕೆಲವರು ಮನಸ್ಸಿಗೆ ಬಂದಷ್ಟು ತೋಡಿ ಮುಗಿಸುತ್ತಾರೆ. ಆದರೆ ಗುಂಡಿಯ ಅಳತೆಗೂ ವರ್ಷದ ಮಳೆಗೂ ಸಂಬಂಧ ಕಡಿಮೆ. ಗುಂಡಿ ಹಿಡಿಯಬೇಕಾದದ್ದು ಒಂದು ಜೋರು ಮಳೆಯನ್ನು. ಮುಂದಿನ ಮಳೆ ಬರುವಷ್ಟರಲ್ಲಿ ಅದು ಖಾಲಿಯಾಗಿರಬೇಕು, ಅಷ್ಟೆ.

ಸೆಪ್ಟೆಂಬರ್-ಅಕ್ಟೋಬರಿನ ಒಂದು ಸಂಜೆ ಗಂಟೆಯೊಳಗೆ 40 ಮಿ.ಮೀ. ಸುರಿಯಿತೆನ್ನಿ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಹಾಗಾಗಿ ತಾರಸಿಗೆ ಬಿದ್ದದ್ದು 4,000 ಲೀಟರ್. ತಾರಸಿ ಹೀರಿದ್ದು, ಸಿಡಿದದ್ದು ಕಳೆದರೆ 3,600. ಧೂಳು, ಎಲೆ, ಹಕ್ಕಿಯ ಹಿಕ್ಕೆ ಹೊತ್ತು ಬರುವ ಮೊದಲ 200 ಲೀಟರನ್ನು ಒಂದು ಡ್ರಮ್ಮಿಗೆ ತಿರುಗಿಸಬೇಕು. ಗುಂಡಿಗೆ ಉಳಿದದ್ದು 3,400 ಲೀಟರ್. 4 ಅಡಿ ವ್ಯಾಸದ ಸಿಮೆಂಟ್ ರಿಂಗುಗಳನ್ನು, ನೀರು ಒಳಬರುವ ಪೈಪಿನಿಂದ ಕೆಳಕ್ಕೆ 10 ಅಡಿ ಇಳಿಸಿದರೆ ಸರಿಸುಮಾರು ಅಷ್ಟೇ ನೀರು ಹಿಡಿಯುತ್ತದೆ.

ಇದೇ ಗುಂಡಿಗೆ ದಪ್ಪ ಜಲ್ಲಿ, ಇದ್ದಿಲು, ಮರಳು ಪದರ ಪದರವಾಗಿ ತುಂಬಿಸುವ ಪದ್ಧತಿಯೊಂದಿದೆ. ಕಲ್ಲುಗಳ ಸಂದಿಯಲ್ಲಿ ಉಳಿಯುವ ಜಾಗ ನೂರಕ್ಕೆ 40ರಷ್ಟು. 3,400 ಲೀಟರಿನ ಗುಂಡಿ 1,360 ಲೀಟರಿಗೆ ಇಳಿಯುತ್ತದೆ, 18 ಮಿ.ಮೀ. ಮಳೆಗೇ ತುಂಬಿ ಹರಿಯುತ್ತದೆ. ಸೋಸುವ ಕೆಲಸವನ್ನು ಗುಂಡಿಗೆ ಮೊದಲೇ, ಕೈಗೆಟುಕುವ ಒಂದು ಸಣ್ಣ ತೊಟ್ಟಿಯಲ್ಲಿ ಮಾಡಿ. ಗುಂಡಿ ಖಾಲಿ ಇರಲಿ, ಮೇಲೆ ಗಟ್ಟಿ ಮುಚ್ಚಳವಿರಲಿ.

ಇನ್ನು ಇಂಗುವ ವಿಷಯ. ನೀರು ತಳದಿಂದ ಇಂಗುತ್ತದೆ ಎಂದೇ ಎಲ್ಲರೂ ಭಾವಿಸುತ್ತಾರೆ. ನಮ್ಮ ಗುಂಡಿಯ ತಳ 1.13 ಚದರ ಮೀಟರ್, ತುಂಬಿದಾಗ ಒದ್ದೆಯಾಗುವ ಗೋಡೆ 11.3 ಚದರ ಮೀಟರ್. ಹತ್ತು ಪಟ್ಟು! ಮಣ್ಣಿನ ಮಡಕೆ ಮೈಯೆಲ್ಲ ಬೆವರುತ್ತದೆ, ಉಪ್ಪಿನಕಾಯಿ ಜಾಡಿ ಬೆವರುವುದಿಲ್ಲ. ನಮಗೆ ಬೇಕಾದದ್ದು ಮಡಕೆ. ಫ್ರಾನ್ಸಿನ ದಿಜಾನ್ ಊರಿಗೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ, 1856ರಲ್ಲಿ ಪ್ರಕಟಿಸಿದ ನಿಯಮವೂ ಇದನ್ನೇ ಹೇಳುತ್ತದೆ: ನೀರು ಹಾದುಹೋಗುವ ವಿಸ್ತೀರ್ಣ ಎಷ್ಟು ಪಟ್ಟು ಹೆಚ್ಚಿದರೆ ಹರಿವೂ ಅಷ್ಟು ಪಟ್ಟು ಹೆಚ್ಚುತ್ತದೆ.

ಮಣ್ಣು ಚದರ ಮೀಟರಿಗೆ ಗಂಟೆಗೆ 20 ಲೀಟರ್ ಕುಡಿಯುತ್ತದೆ ಎಂದುಕೊಳ್ಳೋಣ. ತುಂಬಿದ ಗುಂಡಿ ಮೊದಲ ಗಂಟೆಯಲ್ಲಿ 250 ಲೀಟರಿನಷ್ಟು ಇಂಗಿಸುತ್ತದೆ. ಮಟ್ಟ ಇಳಿದಂತೆ ಒದ್ದೆ ಗೋಡೆಯೂ ಕುಗ್ಗಿ ವೇಗ ತಗ್ಗುತ್ತದೆ: ಮೇಲಿನ 9 ಅಡಿಗೆ 26 ಗಂಟೆ, ಕೊನೆಯ ಒಂದೇ ಅಡಿಗೆ 10 ಗಂಟೆ. ಒಟ್ಟು 36 ಗಂಟೆ, ಅಂದರೆ ಎರಡು ದಿನದೊಳಗೆ ಗುಂಡಿ ಖಾಲಿ. ಈಗ ಮೇಸ್ತ್ರಿ ಚೆಂದಕ್ಕೆಂದು ರಿಂಗುಗಳ ಸಂದಿಗೆ ಸಿಮೆಂಟ್ ಮೆತ್ತಿ ಒಳಗೆ ಗಿಲಾವು ಮಾಡಿದರೆ? ತಳವೊಂದೇ ಕುಡಿಯಬೇಕು, 36 ಗಂಟೆಯ ಕೆಲಸ 150 ಗಂಟೆ ಎಳೆಯುತ್ತದೆ. ಆದ್ದರಿಂದ ತೂತುಗಳಿರುವ ರಿಂಗುಗಳನ್ನೇ ತರಿಸಿ, ಗಾರೆ ಹಾಕದೆ ಒಂದರ ಮೇಲೊಂದು ಕೂರಿಸಿ, ಹೊರಗೆ ಸುತ್ತಲೂ ಅರ್ಧ ಅಡಿ ಜಲ್ಲಿ ತುಂಬಬೇಕು. ಜಲ್ಲಿಯ ಸಂದಿಯಲ್ಲಿ ನಿಲ್ಲುವ ನೀರನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದು ಉಳಿತಾಯ.

ಆ 20 ಲೀಟರ್ ನಿಮ್ಮ ಸೈಟಿನಲ್ಲಿ ನಿಜವೇ? ಮೊದಲು 4 ಅಡಿ ಅಗಲಕ್ಕೇ 10 ಅಡಿ ತೋಡಿಸಿ, ಒಂದು ಅಡಿ ನೀರು ಬಿಡಿ. ಮಣ್ಣು ರಾತ್ರಿಯಿಡೀ ನೆನೆಯಲಿ, ಏಕೆಂದರೆ ಒಣಮಣ್ಣು ಆಸೆಗೆ ಬಿದ್ದಂತೆ ಕುಡಿದು ಸುಳ್ಳು ಲೆಕ್ಕ ಕೊಡುತ್ತದೆ. ಬೆಳಿಗ್ಗೆ ಮತ್ತೆ ಒಂದು ಅಡಿಗೆ ತುಂಬಿಸಿ, ಮೇಲಿನಿಂದಲೇ ಕೋಲು ಇಳಿಬಿಟ್ಟು ಅಳೆಯಿರಿ. ಮೊದಲ ಗಂಟೆಯಲ್ಲಿ ಸುಮಾರು 4 ಸೆಂ.ಮೀ. ಇಳಿದರೆ ನಮ್ಮ ಲೆಕ್ಕ ಸರಿ. ಚದರ ಮೀಟರಿಗೆ 20 ಲೀಟರ್ ಎಂದರೆ 2 ಸೆಂ.ಮೀ. ತಾನೆ, 4 ಏಕೆ? ಈ ಅಗಲದಲ್ಲಿ ಒಂದಡಿ ಎತ್ತರದ ಗೋಡೆಯ ವಿಸ್ತೀರ್ಣ ತಳದ ವಿಸ್ತೀರ್ಣಕ್ಕೆ ಸಮ, ಎರಡೂ ಸೇರಿ ಕುಡಿಯುತ್ತವೆ. ಇಳಿದದ್ದು ಒಂದೇ ಸೆಂ.ಮೀ. ಆದರೆ ಗುಂಡಿ ಖಾಲಿಯಾಗಲು ಆರು ದಿನ ಬೇಕು. ಆಗ ಅಗಲ ಹೆಚ್ಚಿಸಿ ಪ್ರಯೋಜನವಿಲ್ಲ. ಜೇಡಿಮಣ್ಣನ್ನು ದಾಟಿ ಕೆಳಗಿನ ಗರಸು, ಶಿಥಿಲ ಕಲ್ಲಿನ ಪದರ ಸಿಗುವವರೆಗೆ ಇಳಿಯಬೇಕು.

ವಾಸ್ತು ಹೇಳಿತೆಂದು ಈಶಾನ್ಯ ಮೂಲೆಯಲ್ಲಿ ಪಾಯಕ್ಕೆ ಅಂಟಿಸಿ ತೋಡುವವರನ್ನು ಕಂಡರೆ ಆತಂಕವಾಗುತ್ತದೆ. ಪಾಯದ ಕೆಳಗಿನ ಮಣ್ಣು ನೆನೆದು ಕುಸಿದರೆ ಗೋಡೆ ಬಿರುಕು ಬಿಡುತ್ತದೆ. ಪಾಯದಿಂದ 10 ಅಡಿಯಾದರೂ ದೂರವಿರಲಿ, ಶೌಚದ ಗುಂಡಿಯಿಂದ ಇನ್ನೂ ಬಹಳ ದೂರ.

ಮಳೆ ನಿಂತ ಎರಡು ದಿನಕ್ಕೆ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಮೊದಲ ವರ್ಷ ಖಾಲಿಯಾಗುತ್ತಿದ್ದ ಗುಂಡಿ ಮೂರನೇ ವರ್ಷ ನೀರು ನಿಲ್ಲಿಸಿಕೊಂಡಿದ್ದರೆ ನುಣುಪು ಮಣ್ಣು ಸಂದಿಗಳಲ್ಲಿ ಕೂತಿದೆ ಎಂದರ್ಥ. ಡ್ರಮ್ಮು, ಸೋಸುವ ತೊಟ್ಟಿ ಎರಡನ್ನೂ ನೋಡಬೇಕು. ಗಂಟೆಗೆ 60 ಮಿ.ಮೀ. ಸುರಿಯುವ ಸಂಜೆಗೆ ಈ ಗುಂಡಿ ಸಾಲದು. ಹೆಚ್ಚಾದ 1,800 ಲೀಟರಿನಷ್ಟು ನೀರಿಗೆ, ಒಳಬರುವ ಪೈಪಿನ ಮಟ್ಟದಲ್ಲೇ ಒಂದು ಹೊರಪೈಪ್ ಇಟ್ಟು ಗಿಡಗಳ ಕಡೆಗೆ ಬಿಡಿ.