ಹೆಸರು ಉದ್ದ ಇದ್ರೆ ಬಾಲದಿಂದ ಕತ್ತರಿಸಿ, ಹೊಟ್ಟೆಯಿಂದ ಬೇಡ

ಬೆಂಗಳೂರಲ್ಲಿ ಟಿಕೆಟಿಂಗ್ ಕೌಂಟರ್ ಕೆಲಸ ಮಾಡ್ತಾ ಮಾಡ್ತಾ ನಾನು ಅತಿ ಹೆಚ್ಚು ಸಲ ಕೇಳಿರೋ ಪ್ರಶ್ನೆ ಟಿಕೆಟ್ ರೇಟಿನದ್ದಲ್ಲ, "ಸರ್, ಇದರಲ್ಲಿ ನನ್ನ ಹೆಸರು ಅರ್ಧ ಬಂದಿದೆ, ಏರ್‌ಪೋರ್ಟಲ್ಲಿ ಬಿಡ್ತಾರಾ?" ಅನ್ನೋದು. ಕೇಳೋರಲ್ಲಿ ನಮ್ಮೋರೇ ಜಾಸ್ತಿ, ಯಾಕಂದ್ರೆ ಊರ ಹೆಸರು, ಅಜ್ಜನ ಹೆಸರು, ಮನೆದೇವರ ಹೆಸರು ಎಲ್ಲಾ ಸೇರಿಸಿ ಇಡ್ತೀವಿ, ಊರಲ್ಲಿ ಅದೆಲ್ಲ ಇನಿಷಿಯಲ್ ಆಗಿ ಆರಾಮಾಗಿ ಇರುತ್ತೆ, ಪಾಸ್‌ಪೋರ್ಟ್ ಮಾಡಿಸುವಾಗ ಬಿಡಿಸಿ ಪೂರ್ತಿ ಬರೀತೀವಿ, ಅಲ್ಲಿಂದ ಶುರು.

ಒಬ್ಬರದ್ದೇ ಕಥೆ ಹೇಳ್ತೀನಿ. ಹೆಸರು ಬದಲಾಯಿಸಿದೀನಿ, ಆದ್ರೆ ಸಮಸ್ಯೆ ಇದೇ ಥರದ್ದು. ಅವರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಹೊಳಲ್ಕೆರೆ, ಗಿವನ್ ನೇಮ್ ವೆಂಕಟಸುಬ್ರಮಣ್ಯ ಲಕ್ಷ್ಮೀನರಸಿಂಹ ಶಾಸ್ತ್ರಿ. ಕೆಲಸಕ್ಕೆ ಅಂತ ಅಮೆರಿಕಕ್ಕೆ ಹೊರಟಿದ್ರು. ಫೋಟೋ ಇರೋ ಪುಟದ ಕೆಳಗಡೆ ಬಾಣದ ಗುರುತು ತುಂಬಿರೋ ಎರಡು ಸಾಲು ಇರುತ್ತಲ್ಲ, ಮಷಿನ್ ಓದೋದು ಅದನ್ನೇ. ಅವರ ಮೊದಲ ಸಾಲು ಹೀಗಿತ್ತು:

```
P<INDHOLALKERE<<VENKATASUBRAMANYA<LAKSHMINAR
```

ಎಣಿಸಿ ನೋಡಿ, 44 ಅಕ್ಷರ. ವಿಮಾನಯಾನದ ಅಂತಾರಾಷ್ಟ್ರೀಯ ಸಂಸ್ಥೆ ಐಸಿಎಒ ಮಾಡಿರೋ ನಿಯಮದ ಪ್ರಕಾರ ಎಲ್ಲಾ ದೇಶದ ಪಾಸ್‌ಪೋರ್ಟಲ್ಲೂ ಸಾಲಿಗೆ ಇಷ್ಟೇ ಜಾಗ. ಅದರಲ್ಲಿ ಮೊದಲ 5 ಜಾಗ ದಾಖಲೆಯ ಗುರುತಿಗೂ ದೇಶಕ್ಕೂ ಹೋಯ್ತು, ಹೆಸರಿಗೆ ಉಳಿದಿದ್ದು 39. ಸರ್‌ನೇಮ್ ಆದಮೇಲೆ ಎರಡು ಬಾಣ, ಮುಂದಿನ ಪ್ರತಿ ಹೆಸರಿನ ಮಧ್ಯೆ ಒಂದು ಬಾಣ, ಇವೂ ಆ ಲೆಕ್ಕದಲ್ಲೇ. ಹಾಗಾಗಿ ಲಕ್ಷ್ಮೀನರಸಿಂಹ ಅರ್ಧಕ್ಕೆ ನಿಂತು ಶಾಸ್ತ್ರಿ ಪೂರ್ತಿ ಮಾಯ. ನಿಮ್ಮದು ಕಟ್ ಆಗಿದೆಯಾ ಅಂತ ತಿಳಿಯೋಕೆ ಆ ಸಾಲಿನ ಕಟ್ಟಕಡೆಯ ಜಾಗ ನೋಡಿ: ಬಾಣ ಇದ್ರೆ ಹೆಸರು ಪೂರ್ತಿ ಕೂತಿದೆ, ಅಕ್ಷರ ಇದ್ರೆ ಕತ್ತರಿಸಿರಬಹುದು ಅಂತ ಅರ್ಥ, ಮತ್ತು ಇಮಿಗ್ರೇಷನ್ ಮಷಿನ್‌ಗೂ ಅದೇ ಸೂಚನೆ. ಅಂದ್ರೆ ಕತ್ತರಿಸೋದು ತಪ್ಪಲ್ಲ, ನಿಯಮದಲ್ಲೇ ಒಪ್ಪಿರೋ ವಿಷಯ.

ಟಿಕೆಟ್‌ದು ಇನ್ನೂ ಇಕ್ಕಟ್ಟು. ಬೋರ್ಡಿಂಗ್ ಪಾಸಿನ ಬಾರ್‌ಕೋಡ್ ಒಳಗೆ ಹೆಸರಿಗೆ ಇರೋದು ಬರೀ 20 ಜಾಗ, ಸರ್‌ನೇಮ್ ಮತ್ತು ಹೆಸರಿನ ಮಧ್ಯದ ಓರೆಗೆರೆಯೂ ಸೇರಿ. ಅವರದ್ದು ಹೀಗಾಯ್ತು:

```
HOLALKERE/VENKATASUB
```

ಇದನ್ನ ನೋಡಿ ಗಾಬರಿಯಾಗೋ ಅಗತ್ಯ ಇಲ್ಲ, ಬುಕಿಂಗ್ ಒಳಗೆ ಹೆಸರು ಸರಿ ಇದ್ರೆ ಆಯ್ತು. ಆದ್ರೆ ಇವರ ಜೊತೆ ತಮ್ಮನೂ ಹೊರಟಿದ್ದ, ಅವನ ಹೆಸರು ವೆಂಕಟಸುಬ್ಬರಾವ್. 20ಕ್ಕೆ ಕತ್ತರಿಸಿದಾಗ ಇಬ್ಬರದ್ದೂ ಅಕ್ಷರಕ್ಕೆ ಅಕ್ಷರ ಒಂದೇ! ಕಾಫಿ ಕುಡಿಯೋಕೆ ಕೂತಾಗ ಪಾಸ್ ಅದಲು ಬದಲಾಗಿದೆ, ಗೇಟಲ್ಲಿ ಪಾಸ್‌ಪೋರ್ಟ್ ತಾಳೆ ನೋಡುವಾಗ ಸಿಕ್ಕಿಬಿದ್ದು ಇಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿದ್ರು, ಫೋನ್ ಮಾಡಿದಾಗ ಪಾಪ ಅಣ್ಣನ ಧ್ವನಿ ನಡುಗ್ತಾ ಇತ್ತು. ಸೀಟ್ ನಂಬರ್ ನೋಡಿಕೊಂಡು ಸರಿಮಾಡ್ಕೊಂಡ್ರು. ಅವತ್ತಿಂದ ಅಪ್ಪ-ಮಗ, ಅಣ್ಣ-ತಮ್ಮ ಒಟ್ಟಿಗೆ ಹೊರಟ್ರೆ ಪಾಸ್ ಮೇಲೆ ಪೆನ್ನಲ್ಲಿ ಗುರುತು ಹಾಕ್ಕೊಳಿ ಅಂತ ನಾನೇ ಹೇಳಿ ಕಳಿಸ್ತೀನಿ.

ಈಗ ಮುಖ್ಯ ವಿಷಯ, ನಾವೇ ಚಿಕ್ಕದು ಮಾಡಬೇಕಾದ್ರೆ ಹೇಗೆ. ಮಷಿನ್ ಯಾವಾಗಲೂ ಬಾಲದಿಂದ ಕತ್ತರಿಸುತ್ತೆ, ಹಾಗಾಗಿ ಉಳಿದ ತುಂಡು ಪಾಸ್‌ಪೋರ್ಟ್ ಹೆಸರಿನ ಶುರುವಿನ ಜೊತೆ ತಾಳೆ ಆಗುತ್ತೆ. ನಾವು ಮಾಡೋ ತಪ್ಪು ಏನಂದ್ರೆ ಹೊಟ್ಟೆಯಿಂದ ಅಕ್ಷರ ತೆಗೀತೀವಿ, ವೆಂಕಟಸುಬ್ರಮಣ್ಯನ್ನ VENKTSUBRMNYA ಅಂತಲೋ VENKAT ಹಾಗೂ SUBBU ಅಂತಲೋ ಮಾಡ್ತೀವಿ. ಅದು ಸಂಕ್ಷೇಪ ಅಲ್ಲ, ಕಂಪ್ಯೂಟರ್ ಪಾಲಿಗೆ ಬೇರೆ ಮನುಷ್ಯನ ಹೆಸರು. SUBRAMANYA ಇರೋ ಕಡೆ ಒಂದು H ಸೇರಿಸಿ SUBRAHMANYA ಮಾಡಿದ್ರೂ ಅಷ್ಟೇ, ಉದ್ದ ಹೆಸರು ಕಟ್ ಆಗಿರೋದಕ್ಕಿಂತ ಇದು ಜಾಸ್ತಿ ತೊಂದರೆ ಕೊಡುತ್ತೆ.

ಟಿಕೆಟ್ ಬುಕ್ ಮಾಡುವಾಗ ನಾನು ಸರ್‌ನೇಮ್ ಪೂರ್ತಿ, ಮೊದಲ ಗಿವನ್ ನೇಮ್ ಪೂರ್ತಿ ಹಾಕಿ ಉಳಿದಿದ್ದು ಹಿಡಿಸದಿದ್ರೆ ಬಿಟ್ಟುಬಿಡ್ತೀನಿ. ಅಮಾಡಿಯಸ್ ಸಿಸ್ಟಮ್‌ನಲ್ಲಿ ಇವರದ್ದು ಹೀಗೆ ಹೋಯ್ತು:

```
NM1HOLALKERE/VENKATASUBRAMANYA MR
```

ಪಾಸ್‌ಪೋರ್ಟ್ ವಿವರ ಕೇಳೋ ಜಾಗದಲ್ಲಿ ಮಾತ್ರ ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ತುಂಬಬೇಕು. "ಉಳಿದ ಹೆಸರಿಗೆ ಇನಿಷಿಯಲ್ ಹಾಕಿ ಸರ್" ಅಂತ ತುಂಬಾ ಜನ ಕೇಳ್ತಾರೆ, ನಾನು ಬೇಡ ಅಂತೀನಿ. ಯಾಕಂದ್ರೆ ಎಷ್ಟೋ ಏರ್‌ಲೈನ್ ಸಿಸ್ಟಮ್ ಹೆಸರಿನ ಮಧ್ಯದ ಜಾಗ ತೆಗೆದು ಎಲ್ಲಾ ಅಂಟಿಸಿಬಿಡುತ್ತೆ. VIKRAM S ಅಂತ ಕೊಟ್ರೆ VIKRAMS ಆಗುತ್ತೆ, ಕೊನೆಯಲ್ಲಿ MS ಕಂಡು ಕೆಲವು ಸಿಸ್ಟಮ್ ಅದನ್ನ ಮಿಸ್ ಅಂದ್ಕೊಂಡು VIKRA ಅಂತ ಒಬ್ಬ ಹೆಂಗಸನ್ನ ಸೃಷ್ಟಿ ಮಾಡಬಹುದು. ಹೆಸರಿಗೆ MR ಅಂಟಿಕೊಂಡಿರೋದನ್ನ ನೋಡಿ ಹೆದರಬೇಡಿ, ಅದು ಮಾಮೂಲಿ, ಗೇಟಿನೋರಿಗೆ ಗೊತ್ತಿರುತ್ತೆ.

ಬ್ಯಾಂಕ್ ಕಾರ್ಡಿನ ಲೆಕ್ಕ ಬೇರೆ. ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯ ಮೊದಲ ಟ್ರ್ಯಾಕಲ್ಲಿ ಒಟ್ಟು 79 ಅಕ್ಷರ, ಅದರಲ್ಲೇ ಕಾರ್ಡ್ ನಂಬರ್, ಎಕ್ಸ್‌ಪೈರಿ ಎಲ್ಲಾ ಕೂರಬೇಕು, ಹೆಸರಿಗೆ ಸಿಗೋದು 26. ಚಿಪ್ ಬಂದ್ಮೇಲೂ ಅದೇ 26 ಉಳಿದಿದೆ. VENKATASUBRAMANYA HOLALKERE ಎಣಿಸಿದ್ರೆ 27, ಒಂದೇ ಒಂದು ಅಕ್ಷರ ಜಾಸ್ತಿ! ಬ್ಯಾಂಕಿಗೆ ಬಿಟ್ರೆ ಸರ್‌ನೇಮಿನ ಕೊನೆ ಅಕ್ಷರ ಹೋಗಿ HOLALKER ಆಗುತ್ತೆ. ಇಲ್ಲಿ ಮಾತ್ರ ಇನಿಷಿಯಲ್ ಒಳ್ಳೇದು, ಫಾರ್ಮಲ್ಲೇ V L S HOLALKERE ಅಂತ ಬರ್ಕೊಡಿ, ಸರ್‌ನೇಮ್ ಪೂರ್ತಿ ಉಳಿಯುತ್ತೆ. ಕಾರು ಬಾಡಿಗೆಗೆ ತಗೊಳೋವಾಗ ಕೌಂಟರಲ್ಲಿ ಕಾರ್ಡು, ಲೈಸೆನ್ಸು ಎರಡೂ ಒಟ್ಟಿಗೆ ಇಟ್ಟು ನೋಡ್ತಾರೆ, ಆಗ ಮೊದಲು ಕಣ್ಣಿಗೆ ಬೀಳೋದು ಸರ್‌ನೇಮೇ.

ಅಮೆರಿಕದ ಲೈಸೆನ್ಸಿಗೆ ಬಂದ್ರೆ ಒಂದು ಸಮಾಧಾನ ಇದೆ. 2013ರಲ್ಲಿ ಹವಾಯಿಯ ಒಬ್ಬ ಮಹಿಳೆಯ ಸರ್‌ನೇಮ್ ತುಂಬಾ ಉದ್ದ ಇದ್ದು ಲೈಸೆನ್ಸಲ್ಲಿ ಕೊನೆ ಅಕ್ಷರ ಕಟ್ ಆಗಿ ಮೊದಲ ಹೆಸರೇ ಇಲ್ಲದ ಹಾಗೆ ಆಗಿತ್ತು, ಆಕೆ ಪಟ್ಟು ಬಿಡದೆ ಕೇಳಿದ್ಮೇಲೆ ರಾಜ್ಯ 35 ಇದ್ದ ಜಾಗವನ್ನ 40ಕ್ಕೆ ಏರಿಸಿತು. ಹಿಂದಿನ ಬಾರ್‌ಕೋಡಲ್ಲಿ ಸರ್‌ನೇಮ್, ಮೊದಲ ಹೆಸರು, ಮಧ್ಯದ ಹೆಸರು ಕಟ್ ಆಗಿದೆಯಾ ಅಂತ ಹೇಳೋಕೇ ಮೂರು ಗುರುತು ಇದಾವೆ, DDE, DDF, DDG. T ಅಂದ್ರೆ ಕಟ್ ಆಗಿದೆ, N ಅಂದ್ರೆ ಇಲ್ಲ, U ಅಂದ್ರೆ ಗೊತ್ತಿಲ್ಲ. ಲೈಸೆನ್ಸ್ ಆಫೀಸಿನೋರು ನಿಮ್ಮ ವೀಸಾ ಸ್ಥಿತಿಯನ್ನ ಸರ್ಕಾರದ ಸಿಸ್ಟಮ್ ಜೊತೆ ತಾಳೆ ನೋಡ್ತಾರೆ, ಅದಕ್ಕೆ ಅಲ್ಲಿ ನೀವಾಗಿ ಚಿಕ್ಕದು ಮಾಡ್ಕೋಬೇಡಿ, ಪಾಸ್‌ಪೋರ್ಟ್ ವೀಸಾದಲ್ಲಿ ಇರೋ ಹಾಗೇ ಪೂರ್ತಿ ಕೊಡಿ, ಕತ್ತರಿಸೋದಿದ್ರೆ ಅವರ ಸಿಸ್ಟಮ್ ಕತ್ತರಿಸಲಿ. ಆಗ T ಅಂತ ದಾಖಲಾಗುತ್ತೆ. ನೀವೇ ಚಿಕ್ಕದು ಮಾಡಿ ಕೊಟ್ರೆ ಅದೇ ಪೂರ್ತಿ ಹೆಸರು ಅಂತ N ಬೀಳುತ್ತೆ, ಆಮೇಲೆ ಎರಡು ಹೆಸರು ಒಬ್ಬರದ್ದೇ ಅಂತ ತೋರಿಸೋದು ನಿಮ್ಮ ತಲೆಮೇಲೆ.

ಸರ್‌ನೇಮ್ ಜಾಗ ಖಾಲಿ ಬಿಟ್ಟು ಎಲ್ಲಾ ಗಿವನ್ ನೇಮಲ್ಲೇ ತುಂಬಿರೋರಿಗೆ ಕಷ್ಟ ಇನ್ನೊಂದು ಥರ. ಅಮೆರಿಕದ ವೀಸಾದಲ್ಲಿ ಅವರ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಮೊದಲ ಹೆಸರಿನ ಜಾಗದಲ್ಲಿ FNU ಅಂತ ಬರುತ್ತೆ, ಮೊದಲ ಹೆಸರು ತಿಳಿದಿಲ್ಲ ಅಂತ ಅರ್ಥ. ಅಂಥೋರ ಟಿಕೆಟಿಗೆ ಒಂದೊಂದು ಏರ್‌ಲೈನ್ ಒಂದೊಂದು ಪದ್ಧತಿ ಇಟ್ಕೊಂಡಿದೆ, ಬುಕ್ ಮಾಡೋ ಮುಂಚೆ ಕೇಳಲೇಬೇಕು.

ಮಕ್ಕಳಿಗೆ ಮೊದಲ ಪಾಸ್‌ಪೋರ್ಟ್ ಮಾಡಿಸೋರು ಅರ್ಜಿ ತುಂಬೋ ಮುಂಚೆ ಒಂದು ಹಾಳೆ ಮೇಲೆ ಎಣಿಸಿಕೊಳ್ಳಿ: ಸರ್‌ನೇಮ್, ಎರಡು ಬಾಣ, ಹೆಸರು, ಒಂದು ಬಾಣ, ಇನ್ನೊಂದು ಹೆಸರು. 39 ಹಿಡಿಸುತ್ತೆ ನಿಜ, ಆದ್ರೆ ಸರಿಯಾಗಿ 39 ಆದ್ರೆ ಕೊನೆ ಜಾಗದಲ್ಲಿ ಅಕ್ಷರ ಬಂದು ಕಟ್ ಆಗದ ಹೆಸರೂ ಕಟ್ ಆದ ಹಾಗೆ ಕಾಣುತ್ತೆ. 38ಕ್ಕೆ ನಿಲ್ಲಿಸಿ.